ಮೈ ಕಪ್ಪೋ ಕೆಂಪೋ: ಒಂದು ಚಿಟ್ಟೆ ಫೋಟೋ ಐನ್ಯಾಚುರಲಿಸ್ಟ್‌ನಲ್ಲಿ ಸರಿಯಾದ ಹೆಸರು ಪಡೆದ ಪ್ರಕರಣ

ಐನ್ಯಾಚುರಲಿಸ್ಟ್‌ಗೆ ಗಿಡ, ಹುಳ, ಹಕ್ಕಿ ಫೋಟೋ ಹಾಕೋದು ಹೇಗೆ ಅಂತ ಹೇಳೋ ವಿಡಿಯೋಗಳು ಬೇಕಾದಷ್ಟಿವೆ, ಆದ್ರೆ ಹಾಕಿದ ಮೇಲೆ ಒಳಗೆ ಏನಾಗತ್ತೆ, ಯಾರು ನೋಡ್ತಾರೆ, ಹೆಸರು ಹೇಗೆ ಖಾತ್ರಿ ಆಗತ್ತೆ, ತಪ್ಪು ಹೆಸರು ಖಾತ್ರಿ ಆಗಿಬಿಟ್ರೆ ಅದನ್ನ ತಿದ್ದೋದು ಹೇಗೆ, ಇದೆಲ್ಲ ಒಂದೇ ಒಂದು ಅಬ್ಸರ್ವೇಶನ್, ಅಂದ್ರೆ ಅಲ್ಲಿ ಹಾಕಿದ ಒಂದು ದಾಖಲೆ, ಹಿಡ್ಕೊಂಡು ಶುರುವಿಂದ ಕೊನೆವರೆಗೂ ನೋಡಿದ್ರೆ ಚೆನ್ನಾಗಿ ಅರ್ಥ ಆಗತ್ತೆ ಅಂತ ಇದನ್ನ ಬರೀತಿದೀನಿ. ಅಬ್ಸರ್ವೇಶನ್ ಹಾಕಿದವರನ್ನ ಕೇಳಿಯೇ ಬರೀತಿರೋದು. ಹೆಸರು, ಊರು, ಅಕೌಂಟ್‌ಗಳ ಹೆಸರು ಯಾವುದನ್ನೂ ಹಾಕಿಲ್ಲ, ಗುರುತು ಸಿಗಬಹುದಾದ ಒಂದೆರಡು ವಿವರ ಬದಲಾಯಿಸಿದೀನಿ.

ಹಿನ್ನೆಲೆ

ಮಲೆನಾಡಿನ ಒಂದು ಹಳ್ಳಿಲಿ ನಿವೃತ್ತ ಹೈಸ್ಕೂಲ್ ಮೇಷ್ಟ್ರು ಇದಾರೆ. ಮನೆ ಸುತ್ತ ಅಡಿಕೆ ತೋಟ, ಹಿತ್ತಲಲ್ಲಿ ಎರಡಾಳು ಎತ್ತರದ ಕರಿಬೇವಿನ ಗಿಡ, ಅಂಗಳದ ಅಂಚಲ್ಲಿ ಕೇಪಳದ ಪೊದೆ, ಹಾಗಾಗಿ ಚಿಟ್ಟೆಗೇನೂ ಬರ ಇಲ್ಲ. ಮಳೆ ಮುಗಿದು ಬಿಸಿಲು ಬಿದ್ದ ಒಂದು ಬೆಳಿಗ್ಗೆ ದೊಡ್ಡದೊಂದು ಕಪ್ಪು ಚಿಟ್ಟೆ ಹಿತ್ತಲಿಗೆ ಬಂತು. ಹಿಂದಿನ ರೆಕ್ಕೆ ನಡುವೆ ಬಿಳಿ ಮಚ್ಚೆ, ಅಂಚಲ್ಲಿ ಕೆಂಪು ಚುಕ್ಕಿ, ಬಾಲ ಬೇರೆ. ಮೇಷ್ಟ್ರು ಮೊಬೈಲ್‌ನಲ್ಲಿ ಒಂದಷ್ಟು ಫೋಟೋ ತೆಗೆದ್ರು. ಅದರಲ್ಲಿ ಒಂದು ಬಹಳ ಚೆನ್ನಾಗಿ ಬಂದಿತ್ತು, ರೆಕ್ಕೆ ಪೂರ್ತಿ ಬಿಚ್ಚಿ ಎಲೆ ಮೇಲೆ ಕೂತಿದ್ದು, ಮೇಲಿಂದ ತೆಗೆದದ್ದು. ಮಿಕ್ಕಿದ್ದು ಅಲುಗಾಡಿದ್ವು.

ಐನ್ಯಾಚುರಲಿಸ್ಟ್ ಬಗ್ಗೆ ಗೊತ್ತಿಲ್ಲದವರಿಗೆ ಒಂದು ಮಾತು. 2008ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಶುರುವಾದ ತಾಣ ಇದು, ಈಗ ಸ್ವತಂತ್ರ ಲಾಭರಹಿತ ಸಂಸ್ಥೆ ನಡೆಸತ್ತೆ. ಯಾರು ಬೇಕಾದ್ರೂ ತಾವು ಕಂಡ ಗಿಡ, ಹುಳ, ಹಕ್ಕಿ ಫೋಟೋ ಹಾಕಬಹುದು, ಯಾರು ಬೇಕಾದ್ರೂ ಅದಕ್ಕೆ ಹೆಸರು ಸೂಚಿಸಬಹುದು. ಹೀಗೆ ಸೂಚಿಸೋದನ್ನ ಅಲ್ಲಿ ಐಡಿ ಅಂತಾರೆ. ಪರೀಕ್ಷೆ ಪಾಸಾದ ತಜ್ಞರ ಪಟ್ಟಿ ಅಂತೇನೂ ಇಲ್ಲ, ಪ್ರೊಫೆಸರ್ ಹಾಕಿದ ಐಡಿಗೂ ಹತ್ತನೇ ಕ್ಲಾಸ್ ಹುಡುಗಿ ಹಾಕಿದ ಐಡಿಗೂ ತೂಕ ಒಂದೇ. ಈ ಪ್ರಕರಣದ ಅರ್ಧ ಕಷ್ಟ ಹುಟ್ಟಿದ್ದೂ ಇದರಿಂದ, ಅದು ಬಗೆಹರಿದದ್ದೂ ಇದರಿಂದಲೇ.

ಮೊದಲ ತೊಡಕು: ಯಾರೂ ನೋಡಲೇ ಇಲ್ಲ

ಮೇಷ್ಟ್ರಿಗೆ ಸಣ್ಣ ಸ್ಕ್ರೀನ್ ಕಣ್ಣಿಗೆ ಕಷ್ಟ, ಹಾಗಾಗಿ ಫೋಟೋನ ವಾಟ್ಸಾಪ್‌ನಲ್ಲಿ ತಮಗೇ ಕಳಿಸ್ಕೊಂಡು, ಲ್ಯಾಪ್‌ಟಾಪ್‌ನಲ್ಲಿ ಇಳಿಸ್ಕೊಂಡು, ಅಲ್ಲಿಂದ ಅಪ್‌ಲೋಡ್ ಮಾಡಿದ್ರು. ನಮ್ಮಲ್ಲಿ ಮುಕ್ಕಾಲು ಪಾಲು ಜನ ಮಾಡೋದೇ ಹೀಗೆ, ಆದ್ರೆ ಇಲ್ಲೇ ಮೊದಲ ತೊಂದರೆ ಶುರುವಾಗೋದು. ಮೊಬೈಲ್ ಕ್ಯಾಮೆರಾ ಪ್ರತಿ ಫೋಟೋ ಫೈಲ್ ಒಳಗೆ ತೆಗೆದ ದಿನ, ಹೊತ್ತು ಬರೆದಿಟ್ಟಿರತ್ತೆ, ಲೊಕೇಶನ್ ಆನ್ ಇದ್ರೆ ಜಾಗಾನೂ ಬರೆದಿಟ್ಟಿರತ್ತೆ. ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋ ಥರ ಕಳಿಸಿದ್ರೆ ಅದು ಫೈಲನ್ನ ಕುಗ್ಗಿಸಿ ಆ ಮಾಹಿತೀನ ತೆಗೆದುಹಾಕತ್ತೆ. ಮೊಬೈಲ್‌ನಿಂದ ನೇರ ಹಾಕಿದ್ರೆ ದಿನಾಂಕ, ಜಾಗ ತಾನಾಗೇ ತುಂಬ್ಕೊಳ್ತಿತ್ತು. ಇವರ ಫೈಲ್‌ನಲ್ಲಿ ಏನೂ ಇರ್ಲಿಲ್ಲ, ದಿನಾಂಕದ ಜಾಗ ಖಾಲಿ ಬಿತ್ತು. ಇವರು ಹಾಗೇ ಸಬ್ಮಿಟ್ ಕೊಟ್ರು. ಜಾಗಕ್ಕೆ ತಾಲ್ಲೂಕಿನ ಹೆಸರು ಟೈಪ್ ಮಾಡಿದ್ರು, ನಕ್ಷೆಲಿ ಪಿನ್ ಹೋಗಿ ಪೇಟೆ ನಡುವೆ ಕೂತ್ಕೊಂತು, ಜಾಗ ಎಷ್ಟು ನಿಖರ ಅಂತ ತೋರಿಸೋ ಸುತ್ತಲಿನ ವೃತ್ತ ಇಡೀ ತಾಲ್ಲೂಕನ್ನ ನುಂಗಿತ್ತು.

ಅಲ್ಲಿ ಪ್ರತಿ ಅಬ್ಸರ್ವೇಶನ್‌ಗೂ ಒಂದು ದರ್ಜೆ ಇರತ್ತೆ. ಫೋಟೋ ಅಥವಾ ಧ್ವನಿ ಇರಬೇಕು, ದಿನಾಂಕ ಇರಬೇಕು, ಜಾಗ ಇರಬೇಕು, ಜೀವಿ ಸಾಕಿದ್ದೋ ನೆಟ್ಟದ್ದೋ ಆಗಿರಬಾರದು. ಇಷ್ಟಿದ್ರೆ 'ನೀಡ್ಸ್ ಐಡಿ', ಅಂದ್ರೆ ಹೆಸರಿಗೆ ಕಾಯ್ತಿದೆ. ಇದರಲ್ಲಿ ಒಂದು ಇಲ್ಲದಿದ್ರೂ 'ಕ್ಯಾಶುವಲ್'. ಐಡಿ ಹಾಕೋ ಜನ ದಿನಾ ಕೂತು ನೋಡೋ ಪಟ್ಟಿಲಿ ಸುಮ್ನೆ ತೆರೆದಾಗ ಕಾಣೋದು ನೀಡ್ಸ್ ಐಡಿ ಇರೋವು ಮಾತ್ರ. ಕ್ಯಾಶುವಲ್ ನೋಡಬೇಕಂದ್ರೆ ಬೇಕಂತಲೇ ಫಿಲ್ಟರ್ ಬದಲಾಯಿಸಬೇಕು, ಅದನ್ನ ಬದಲಾಯಿಸೋರು ಕಮ್ಮಿ. ದಿನಾಂಕ ಇಲ್ದೇ ಇದ್ದಿದ್ದಕ್ಕೆ ಮೇಷ್ಟ್ರ ಚಿಟ್ಟೆ ಕ್ಯಾಶುವಲ್ ಆಯ್ತು, ವಾರಗಟ್ಟಲೆ ಒಬ್ರೂ ಬರ್ಲಿಲ್ಲ.

ಮೇಷ್ಟ್ರು ನನಗೆ ಫೋನ್ ಮಾಡಿದ್ದು ಆಗ. "ನೋಡಪ್ಪ, ಇಷ್ಟು ಚೆನ್ನಾಗಿರೋ ಫೋಟೋ ಹಾಕಿದೀನಿ, ಯಾರೂ ತಿರುಗಿ ನೋಡ್ತಿಲ್ಲ, ನಮ್ಮ ಕಡೆ ಚಿಟ್ಟೆ ಅಂದ್ರೆ ಅವರಿಗೆ ಲೆಕ್ಕಕ್ಕಿಲ್ವಾ?" ಅಂದ್ರು. ಪೇಜ್ ತೆಗೆದು ನೋಡಿದ್ರೆ ಕಾರಣ ಕೆಳಗೇ ಇತ್ತು. ಪ್ರತಿ ಅಬ್ಸರ್ವೇಶನ್ ಪೇಜಿನ ತಳದಲ್ಲಿ ಡೇಟಾ ಕ್ವಾಲಿಟಿ ಅನ್ನೋ ಪಟ್ಟಿ ಇರತ್ತೆ, ಯಾವುದು ಇದೆ ಯಾವುದು ಇಲ್ಲ ಅಂತ ಸಾಲಾಗಿ ತೋರಿಸತ್ತೆ. ಯಾರೂ ಬರ್ತಿಲ್ಲ ಅನ್ಸಿದಾಗ ಮೊದಲು ಹೋಗಿ ನೋಡಬೇಕಾದ ಜಾಗ ಅದು.

ತಿದ್ದಿದ್ದು ಹೀಗೆ. ಇವತ್ತಿನ ದಿನಾಂಕ ಹಾಕಿಬಿಡ್ಲಾ ಅಂತ ಮೇಷ್ಟ್ರು ಕೇಳಿದ್ರು, ಬೇಡ ಅಂದೆ. ಖಾಲಿ ದಿನಾಂಕ ಇದ್ರೆ ಅದು ಖಾಲಿ ಅಂತ ಎಲ್ರಿಗೂ ಗೊತ್ತಾಗತ್ತೆ, ತಪ್ಪು ದಿನಾಂಕ ಹಾಕಿದ್ರೆ ಅದು ತಪ್ಪು ಅಂತ ಹೊರಗಿನವರು ಕಂಡುಹಿಡಿಯೋಕೆ ದಾರಿನೇ ಇಲ್ಲ, ಈ ಚಿಟ್ಟೆ ಇಂಥ ತಿಂಗಳಲ್ಲಿ ಹಾರತ್ತೆ ಅಂತ ಯಾರೋ ನಾಳೆ ಲೆಕ್ಕ ಹಾಕುವಾಗ ಆ ತಪ್ಪೂ ಸೇರ್ಕೊಳತ್ತೆ. ಮೊಬೈಲ್ ಗ್ಯಾಲರಿಲಿ ಮೂಲ ಫೋಟೋ ಇತ್ತು, ಅದರ ಡೀಟೇಲ್ಸ್ ತೆಗೆದ್ರೆ ದಿನ, ಗಂಟೆ, ನಿಮಿಷ ಎಲ್ಲ ಸಿಕ್ತು. ಎಡಿಟ್ ಒತ್ತಿ ಅದನ್ನೇ ಹಾಕಿದ್ರು. ವಾಟ್ಸಾಪ್ ಕುಗ್ಗಿಸಿದ ಫೋಟೋ ತೆಗೆದು ಕೇಬಲ್‌ನಲ್ಲಿ ಇಳಿಸಿದ ಮೂಲ ಫೈಲ್ ಹಾಕಿದ್ರು. ಕೇಬಲ್ ಇಲ್ಲದವರು ವಾಟ್ಸಾಪ್‌ನಲ್ಲೇ ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿದ್ರೂ ಸರಿ, ಆಗ ಫೈಲ್ ಇದ್ದ ಹಾಗೇ ಬರತ್ತೆ.

ಜಾಗದ ವಿಷಯಕ್ಕೆ ಮಾತ್ರ ಸ್ವಲ್ಪ ಚರ್ಚೆ ಆಯ್ತು. ಮನೆ ಎಲ್ಲಿದೆ ಅಂತ ಇಡೀ ಪ್ರಪಂಚಕ್ಕೆ ತೋರಿಸೋದು ಅವರಿಗೆ ಇಷ್ಟ ಇರ್ಲಿಲ್ಲ, ನ್ಯಾಯವೇ. ಅದಕ್ಕೆ ಜಾಗ ಬೇರೆಯವರಿಗೆ ಎಷ್ಟು ಕಾಣಬೇಕು ಅಂತ ಆರಿಸೋ ಜಿಯೋಪ್ರೈವಸಿಲಿ 'ಅಬ್‌ಸ್ಕ್ಯೂರ್ಡ್' ಅಂತ ಆಯ್ಕೆ ಇದೆ. ನಿಜವಾದ ಪಿನ್ ಅಬ್ಸರ್ವೇಶನ್ ಹಾಕಿದವರಿಗೆ, ಅವರು ಅನುಮತಿ ಕೊಟ್ಟವರಿಗೆ ಮಾತ್ರ ಕಾಣತ್ತೆ, ಉಳಿದವರಿಗೆ 0.2 ಡಿಗ್ರಿ ಅಗಲ, 0.2 ಡಿಗ್ರಿ ಉದ್ದದ ಚೌಕದೊಳಗೆ ಎಲ್ಲೋ ಒಂದು ಕಡೆ ತೋರಿಸತ್ತೆ, ನಮ್ಮ ಕಡೆ ಅದು ಹೆಚ್ಚುಕಮ್ಮಿ 22 ಕಿಲೋಮೀಟರ್ ಚೌಕ. ದರ್ಜೆಗೆ ಇದರಿಂದ ಏನೂ ಧಕ್ಕೆ ಇಲ್ಲ. ಮೇಷ್ಟ್ರು ಪಿನ್ನನ್ನ ಸರಿಯಾಗಿ ಹಿತ್ತಲ ಮೇಲೇ ಇಟ್ಟು ಅಬ್‌ಸ್ಕ್ಯೂರ್ಡ್ ಮಾಡಿದ್ರು. ಇನ್ನೊಂದು, 'ಸಾಕಿದ್ದು ಅಥವಾ ನೆಟ್ಟದ್ದು' ಅನ್ನೋ ಕಡೆ ಟಿಕ್ ಹಾಕೋಕೆ ಹೊರಟಿದ್ರು, ಕರಿಬೇವು ನಾವೇ ನೆಟ್ಟಿದ್ದಲ್ವಾ ಅಂತ. ಕರಿಬೇವಿನ ಫೋಟೋನೇ ಹಾಕಿದ್ರೆ ಆ ಟಿಕ್ ಬೇಕು. ಚಿಟ್ಟೆ ತಾನಾಗೇ ಹಾರಿಬಂದಿದ್ದು, ಅದು ಕಾಡುಜೀವಿ, ಟಿಕ್ ಬೇಡ.

ದಿನಾಂಕ ಸೇವ್ ಆದ ಕೂಡ್ಲೇ ದರ್ಜೆ ನೀಡ್ಸ್ ಐಡಿಗೆ ಬಂತು.

ಎರಡನೇ ತೊಡಕು: ತಪ್ಪು ಹೆಸರೇ ಖಾತ್ರಿ ಆಗಿದ್ದು

ಹೆಸರು ಏನು ಹಾಕಿದ್ರು ಅಂತ ಹೇಳಿಲ್ಲ ನಾನು. ಫೋಟೋ ಹಾಕುವಾಗ ತಾಣವೇ ಚಿತ್ರ ನೋಡಿ ಒಂದು ಹೆಸರಿನ ಪಟ್ಟಿ ಕೊಡತ್ತೆ, ಮೊದಲನೇದು 'ಕಾಮನ್ ರೋಸ್' ಅಂತ ಬಂದಿತ್ತು, ಮೇಷ್ಟ್ರು ಅದನ್ನೇ ಒತ್ತಿದ್ರು. ವೈಜ್ಞಾನಿಕ ಹೆಸರು Pachliopta aristolochiae. ಗೂಗಲ್‌ನಲ್ಲಿ ಹುಡುಕಿದ್ರೂ ರೆಕ್ಕೆ ಹಾಗೇ ಕಾಣ್ತಿತ್ತು, ಬಿಳಿ ಮಚ್ಚೆ, ಕೆಂಪು ಚುಕ್ಕಿ, ಬಾಲ, ಎಲ್ಲ. ಅನುಮಾನ ಬರೋಕೆ ಅವರಿಗೆ ಕಾರಣವೇ ಇರ್ಲಿಲ್ಲ.

ನೀಡ್ಸ್ ಐಡಿ ಆದ ಮಾರನೇ ದಿನವೇ ಒಬ್ರು ಅದಕ್ಕೆ 'ಅಗ್ರೀ' ಒತ್ತಿದ್ರು. ಎರಡು ಐಡಿ ಆಯ್ತು, ಎರಡೂ ಒಂದೇ ಜಾತಿ. ಅಲ್ಲಿನ ನಿಯಮ ಏನಂದ್ರೆ, ಕಡೇಪಕ್ಷ ಇಬ್ರು ಐಡಿ ಹಾಕಿರಬೇಕು, ಹಾಕಿದವರಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಜನ ಒಂದೇ ಜಾತಿ ಅಂತ ಒಪ್ಪಿರಬೇಕು, ಆಗ ಅದು 'ರಿಸರ್ಚ್ ಗ್ರೇಡ್'. ಫೋಟೋ ಹಾಕಿದವರ ಐಡಿಯೂ ಲೆಕ್ಕಕ್ಕೆ ಬರತ್ತೆ. ಹಾಗಾಗಿ ಮೇಷ್ಟ್ರದು ಒಂದು, ಅವರದ್ದೊಂದು, ಪೇಜ್ ಮೇಲೆ ಹಸಿರು ಬಣ್ಣದಲ್ಲಿ ರಿಸರ್ಚ್ ಗ್ರೇಡ್ ಬಂತು. ಮೇಷ್ಟ್ರಿಗೆ ಖುಷಿಯೋ ಖುಷಿ.

ಅಗ್ರೀ ಒತ್ತಿದವನು ಅವರದೇ ಹಳೇ ಶಿಷ್ಯ ಅಂತ ಆಮೇಲೆ ಗೊತ್ತಾಯ್ತು. ಇದನ್ನ ನಾನು ಒತ್ತಿ ಹೇಳ್ತೀನಿ ಯಾಕಂದ್ರೆ ನಮ್ಮಲ್ಲಿ ಇದು ತುಂಬ ನಡೆಯತ್ತೆ. ಗುರುಗಳು ಹಾಕಿದ್ರು, ಗೆಳೆಯ ಹಾಕಿದ, ಅಕ್ಕ ಹಾಕಿದ್ಲು ಅಂತ ಪ್ರೀತಿಗೆ ಲೈಕ್ ಒತ್ತೋ ಥರ ಅಗ್ರೀ ಒತ್ತಿಬಿಡ್ತೀವಿ. ಅಲ್ಲಿ ಲೈಕ್‌ಗೆ ಬೇರೆ ಬಟನ್ ಇದೆ, ಅದು ಫೇವರಿಟ್, ನಕ್ಷತ್ರದ ಗುರುತು. ಅಗ್ರೀ ಅಂದ್ರೆ 'ನಾನೂ ಫೋಟೋ ನೋಡಿದೆ, ಈ ಜಾತಿಯನ್ನ ಅದರ ಹಾಗೇ ಕಾಣೋ ಬೇರೆ ಜಾತಿಯಿಂದ ಬೇರೆ ಮಾಡೋಕೆ ನನಗೆ ಬರತ್ತೆ, ನನ್ನ ಲೆಕ್ಕದಲ್ಲೂ ಇದು ಅದೇ' ಅಂತ. ಎರಡು ಐಡಿ ಬೇಕು ಅನ್ನೋ ನಿಯಮದ ಹಿಂದಿನ ಯೋಚನೆ ಇಬ್ರು ಬೇರೆಬೇರೆಯಾಗಿ ನೋಡಿ ಒಂದೇ ತೀರ್ಮಾನಕ್ಕೆ ಬರಲಿ ಅಂತ. ಒಬ್ರು ಇನ್ನೊಬ್ರನ್ನ ನಂಬಿ ಒತ್ತಿದ್ರೆ ಎರಡು ಐಡಿ ಕಂಡ್ರೂ ಅಲ್ಲಿರೋದು ಒಬ್ರ ತೀರ್ಮಾನವೇ.

ರಿಸರ್ಚ್ ಗ್ರೇಡ್ ಆದ್ಮೇಲೆ ಅಬ್ಸರ್ವೇಶನ್ನಿಗೆ ಸರಿಹೊಂದೋ ಲೈಸೆನ್ಸ್ ಇದ್ರೆ ಆ ದಾಖಲೆ ಜಿಬಿಐಎಫ್ ಅನ್ನೋ ಜಾಗತಿಕ ಜೀವವೈವಿಧ್ಯ ಡೇಟಾ ಭಂಡಾರಕ್ಕೂ ಹೋಗತ್ತೆ, ಸಂಶೋಧಕರು ಅಲ್ಲಿಂದಲೇ ಇಳಿಸ್ಕೊಳ್ಳೋದು. ಅಂದ್ರೆ ತಪ್ಪು ಹೆಸರು ಮೇಷ್ಟ್ರ ಪೇಜ್‌ನಲ್ಲೇ ಉಳಿಯಲ್ಲ.

ಮೂರನೆಯವರು ಬಂದ್ರು

ಕೆಲವು ದಿನ ಕಳೆದ ಮೇಲೆ, ದಕ್ಷಿಣ ಭಾರತದ ಚಿಟ್ಟೆಗಳಿಗೆ ಐಡಿ ಹಾಕ್ತಾ ಇರೋ ಒಬ್ರು, ರಿಸರ್ಚ್ ಗ್ರೇಡ್ ಆದವನ್ನೂ ಒಮ್ಮೆ ಜಾಲಾಡೋ ಅಭ್ಯಾಸ ಇರೋರು, ಇದನ್ನ ನೋಡಿ ಬೇರೆ ಹೆಸರು ಹಾಕಿದ್ರು. 'ಕಾಮನ್ ಮಾರ್ಮನ್', Papilio polytes.

ಆಗ ಪೇಜ್ ಮೇಲೆ ಏನಾಯ್ತು ನೋಡಿ. ರೋಸ್‌ಗೆ ಎರಡು, ಮಾರ್ಮನ್‌ಗೆ ಒಂದು. ಮೂರರಲ್ಲಿ ಎರಡು ಅಂದ್ರೆ ಸರಿಯಾಗಿ ಮೂರನೇ ಎರಡು ಭಾಗ, ಆದ್ರೆ ನಿಯಮ ಕೇಳೋದು ಅದಕ್ಕಿಂತ ಹೆಚ್ಚು. ರೋಸ್ ಬಿದ್ದುಹೋಯ್ತು, ರಿಸರ್ಚ್ ಗ್ರೇಡ್ ಹೋಯ್ತು, ಮತ್ತೆ ನೀಡ್ಸ್ ಐಡಿ. ಶೀರ್ಷಿಕೆಲಿ ಮಾರ್ಮನ್ ಅಂತಲೂ ಬರ್ಲಿಲ್ಲ, 'ಪಾಪಿಲಿಯೊನಿನೇ' ಅಂತ ಬಂತು. ಅದು ಉಪಕುಟುಂಬದ ಹೆಸರು. ಹತ್ತಿರದ ಜಾತಿಗಳ ಗುಂಪಿಗೆ ಜೀನಸ್ ಅಂತಾರೆ, ಎರಡೂ ಚಿಟ್ಟೆ ಬೇರೆಬೇರೆ ಜೀನಸ್, ಎರಡೂ ಸೇರೋ ಹತ್ತಿರದ ಮೆಟ್ಟಿಲು ಆ ಉಪಕುಟುಂಬ. ಜಗಳ ಇದ್ದಾಗ ತಾಣ ಯಾರ ಪರವೂ ವಹಿಸಲ್ಲ, ಎಲ್ಲರೂ ಒಪ್ಪೋ ಮಟ್ಟಕ್ಕೆ ಮೇಲೆ ಹೋಗಿ ನಿಲ್ಲತ್ತೆ. ನೂರಾರು ಅಬ್ಸರ್ವೇಶನ್‌ಗಳಲ್ಲಿ ಹೆಸರು ಇದ್ದಕ್ಕಿದ್ದಂಗೆ ಗೊತ್ತಿಲ್ಲದ ಲ್ಯಾಟಿನ್ ಪದಕ್ಕೆ ಬದಲಾದದ್ದು ಕಂಡು ಜನ ಗಾಬರಿ ಆಗ್ತಾರಲ್ಲ, ಕಾರಣ ಇದೇ.

ಮೇಷ್ಟ್ರೂ ಬೇಜಾರಾದ್ರು. ಅವರ ಮುಂದೆ ಮೂರು ದಾರಿ ಇತ್ತು. ಬಂದವರು ತಿಳಿದೋರು ಇರಬೇಕು ಅಂತ ಮಾರ್ಮನ್‌ಗೆ ಅಗ್ರೀ ಒತ್ತಿಬಿಡೋದು, ಸುಮ್ನಿರೋದು, ಇಲ್ಲಾ ಕೇಳೋದು. ಅವರು ಕೇಳಿದ್ರು. ಇಡೀ ಪ್ರಕರಣ ತಿರುಗಿದ್ದು ಆ ಕಾಮೆಂಟ್‌ನಿಂದ ಅಂತ ನನ್ನ ಅಭಿಪ್ರಾಯ. ರೆಕ್ಕೆ ಗುರುತು ರೋಸ್‌ಗೆ ಪೂರ್ತಿ ಹೊಂದತ್ತಲ್ಲ, ನೀವು ಯಾವುದನ್ನ ನೋಡಿ ಮಾರ್ಮನ್ ಅಂದ್ರಿ, ತಿಳಿಸಿದ್ರೆ ಕಲೀತೀನಿ ಅಂತ ಬರೆದ್ರು.

ಉತ್ತರ ಅವತ್ತೇ ಬಂತು, ಅದರ ಸಾರ ಇಷ್ಟು. ರೆಕ್ಕೆ ನೋಡಬೇಡಿ, ಮೈ ನೋಡಿ. ಕಾಮನ್ ರೋಸ್‌ಗೆ ತಲೆ ಕೆಂಪು, ಹೊಟ್ಟೆಯ ಪಕ್ಕ, ತುದಿ ಕೆಂಪು, ಕುಂಕುಮ ಹಚ್ಚಿದ ಹಾಗೆ ಎದ್ದು ಕಾಣತ್ತೆ. ಮಾರ್ಮನ್‌ಗೆ ತಲೆಯಿಂದ ತುದಿವರೆಗೂ ಮೈ ಕಪ್ಪು. ನಿಮ್ಮ ಫೋಟೋ ಮೇಲಿಂದ ತೆಗೆದದ್ದು, ಹೊಟ್ಟೆ ಮೇಲ್ಭಾಗ ಎರಡರಲ್ಲೂ ಕಪ್ಪೇ ಇರತ್ತೆ, ತಲೆ ಎಲೆ ನೆರಳಲ್ಲಿದೆ, ಆದ್ರೂ ನನಗೆ ಕೆಂಪು ಕಾಣ್ತಿಲ್ಲ. ಪಕ್ಕದಿಂದ ತೆಗೆದ ಫೋಟೋ ಇದೆಯಾ?

ಇಲ್ಲಿ ಎರಡು ಮಾತು ಸೇರಿಸ್ತೀನಿ. ಮಾರ್ಮನ್ ಗಂಡು ಬೇರೆ ಥರ, ಕಪ್ಪು ರೆಕ್ಕೆ ಮೇಲೆ ಬಿಳಿ ಮಚ್ಚೆಗಳ ಒಂದು ಸಾಲು ಅಷ್ಟೇ. ಹೆಣ್ಣಲ್ಲಿ ನಮ್ಮ ಕಡೆ ಮೂರು ರೂಪ ಇವೆ. ಒಂದು ಗಂಡಿನ ಹಾಗೇ, ಒಂದು ಕಾಮನ್ ರೋಸ್ ಹಾಗೆ, ಇನ್ನೊಂದು ಅದರ ಹತ್ತಿರದ ಜಾತಿಯಾದ ಕ್ರಿಮ್ಸನ್ ರೋಸ್ ಹಾಗೆ. ರೋಸ್ ಮರಿಗಳು ತಿನ್ನೋದು ಈಶ್ವರಿ ಬಳ್ಳಿ, ಅದರ ವಿಷ ಮೈಯಲ್ಲಿ ಉಳಿದು ದೊಡ್ಡ ಚಿಟ್ಟೆಗೂ ಬರತ್ತೆ, ಒಮ್ಮೆ ರುಚಿ ನೋಡಿದ ಹಕ್ಕಿ ಮತ್ತೆ ಮುಟ್ಟಲ್ಲ. ಮಾರ್ಮನ್‌ಗೆ ವಿಷ ಇಲ್ಲ, ವೇಷ ಮಾತ್ರ. ಈ ವೇಷದ ಹಿಂದೆ ಡಬಲ್‌ಸೆಕ್ಸ್ ಅನ್ನೋ ಒಂದೇ ಜೀನ್ ಇದೆ ಅಂತ 2014ರಲ್ಲಿ ತೋರಿಸಿದ ತಂಡದಲ್ಲಿ ಬೆಂಗಳೂರಿನ ಎನ್‌ಸಿಬಿಎಸ್‌ನ ಚಿಟ್ಟೆ ಸಂಶೋಧಕ ಕೃಷ್ಣಮೇಘ ಕುಂಟೆ ಇದ್ರು. ಹಕ್ಕಿ ಕಣ್ಣನ್ನೇ ಮೋಸ ಮಾಡೋಕೆ ಬೆಳೆದ ರೆಕ್ಕೆ ಅದು. ರೆಕ್ಕೆ ಚೆನ್ನಾಗಿ ಕಾಣೋ ಫೋಟೋ ಎಷ್ಟು ಸ್ಪಷ್ಟ ಇದ್ರೂ ಈ ಎರಡನ್ನ ಬೇರೆ ಮಾಡೋಕೆ ಅದೇ ಅತಿ ಕೆಟ್ಟ ಸಾಕ್ಷಿ.

ಗ್ಯಾಲರಿಲಿ ಉಳಿದಿದ್ದ ಫೋಟೋ

ಮೇಷ್ಟ್ರು ಗ್ಯಾಲರಿ ಕೆದಕಿದ್ರು. ಅಲುಗಾಡಿದ್ದು ಅಂತ ಬಿಟ್ಟಿದ್ದ ಫೋಟೋಗಳಲ್ಲಿ ಒಂದರಲ್ಲಿ ಚಿಟ್ಟೆ ಕರಿಬೇವಿನ ಚಿಗುರಿಗೆ ಜೋತುಬಿದ್ದು, ರೆಕ್ಕೆ ಪಟಪಟ ಬಡೀತಾ, ಹೊಟ್ಟೆಯನ್ನ ಬಿಲ್ಲಿನ ಹಾಗೆ ಬಗ್ಗಿಸಿ ತುದಿಯನ್ನ ಎಲೆಗೆ ಮುಟ್ಟಿಸಿತ್ತು. ರೆಕ್ಕೆ ಬರೀ ಮಸುಕು. ಆದ್ರೆ ಬಗ್ಗಿದ ಹೊಟ್ಟೆ ಪಕ್ಕದಿಂದ ಕಾಣ್ತಿತ್ತು, ಪೂರ್ತಿ ಕಪ್ಪು, ಎಲ್ಲೂ ಕೆಂಪಿಲ್ಲ. ಮುಂದಿನ ಫೋಟೋಲಿ ಚಿಟ್ಟೆ ಇಲ್ಲ, ಎಲೆ ಮೇಲೆ ಸಾಸಿವೆಗಿಂತ ಚಿಕ್ಕ ತಿಳಿ ಹಳದಿ ಉಂಡೆ ಒಂದೇ ಒಂದು. ಮೊಟ್ಟೆ.

ಮೊಟ್ಟೆ ಕರಿಬೇವಿನ ಮೇಲೆ ಅನ್ನೋದು ದೊಡ್ಡ ಸುಳಿವು. ಮಾರ್ಮನ್ ಮರಿ ತಿನ್ನೋದು ಕರಿಬೇವು, ನಿಂಬೆ, ಕಿತ್ತಳೆ ಜಾತಿ ಗಿಡ. ರೋಸ್ ಹೆಣ್ಣಿಗೆ ಕರಿಬೇವಿನಲ್ಲಿ ಕೆಲಸವೇ ಇಲ್ಲ, ಅದರ ಮರಿಗೆ ಈಶ್ವರಿ ಬಳ್ಳಿ ಜಾತಿನೇ ಬೇಕು.

ಈಗ ಇದನ್ನ ಅದೇ ಅಬ್ಸರ್ವೇಶನ್‌ಗೆ ಸೇರಿಸಬಹುದಾ ಅನ್ನೋದು ಮುಂದಿನ ತೀರ್ಮಾನ. ಅಲ್ಲಿ ಒಂದು ಅಬ್ಸರ್ವೇಶನ್ ಅಂದ್ರೆ ಒಂದು ಜೀವಿ, ಒಂದು ಹೊತ್ತು, ಒಂದು ಜಾಗ. ಹಿತ್ತಲಲ್ಲಿ ರೋಸೂ ಮಾರ್ಮನ್ನೂ ಎರಡೂ ಹಾರ್ತಿದ್ರೆ, ಮೊದಲ ಫೋಟೋ ಒಂದರದ್ದು ಎರಡನೇದು ಇನ್ನೊಂದರದ್ದು ಆಗಿಬಿಟ್ರೆ, ಯಾವ ಹೆಸರೂ ಸರಿ ಹೋಗಲ್ಲ, ಐಡಿ ಹಾಕೋರು ಕಚ್ಚಾಡ್ತಾನೇ ಇರ್ತಾರೆ. ಮೇಷ್ಟ್ರನ್ನ ಕೇಳಿದೆ, ನಡುವೆ ಚಿಟ್ಟೆ ಕಣ್ಣು ತಪ್ಪಿತ್ತಾ ಅಂತ. ಇಲ್ಲ, ಎಲೆ ಮೇಲಿಂದ ಎದ್ದು ನೇರ ಚಿಗುರಿಗೆ ಹೋಗಿದ್ದನ್ನ ನಿಂತಲ್ಲೇ ನೋಡ್ತಿದ್ದೆ ಅಂದ್ರು. ಫೋಟೋಗಳ ಹೊತ್ತು ನೋಡಿದ್ರೂ ಒಂದರ ಹಿಂದೆ ಒಂದು, ನಡುವೆ ನಿಮಿಷವೂ ಇಲ್ಲ. ಹಾಗಾಗಿ ಸೇರಿಸಿದ್ರು. ಕಣ್ಣು ತಪ್ಪಿತ್ತು ಅಂದಿದ್ರೆ ಬೇರೆ ಅಬ್ಸರ್ವೇಶನ್ ಮಾಡಿ ಅಂತಲೇ ಹೇಳ್ತಿದ್ದೆ, ಅನುಮಾನ ಇದ್ದಾಗ ಬೇರೆ ಮಾಡೋದೇ ಕ್ಷೇಮ. ಹಾಕೋ ಮುಂಚೆ ಸುತ್ತಲಿನ ಎಲೆ ಕತ್ತರಿಸಿ ಚಿಟ್ಟೆ ಚೌಕಟ್ಟು ತುಂಬೋ ಹಾಗೆ ಕ್ರಾಪ್ ಮಾಡಿದ್ರು. ಐಡಿ ಹಾಕೋರು ಸಾಲುಸಾಲು ಸಣ್ಣ ಚಿತ್ರ ನೋಡ್ತಾ ಹೋಗೋದು, ಹತ್ತಿರದಿಂದ ಕಾಣದಿದ್ರೆ ಮುಂದೆ ಹೋಗಿಬಿಡ್ತಾರೆ.

ನೋಟ್ಸ್ ಜಾಗದಲ್ಲಿ ಇಷ್ಟು ಬರೆದ್ರು: ಕರಿಬೇವಿನ ಚಿಗುರಿಗೆ ಮೊಟ್ಟೆ ಇಡ್ತಿತ್ತು, ನಾನೇ ಕಣ್ಣಾರೆ ನೋಡಿದೆ. ಫೋಟೋಲಿ ಕಾಣದ ವಿಷಯ ಬರೆಯೋಕೆ ಇರೋ ಜಾಗ ಅದೇ, ಬಹಳ ಜನ ಖಾಲಿ ಬಿಡ್ತಾರೆ.

ಲೆಕ್ಕ ಮತ್ತೆ ಸಿಕ್ಕಿಹಾಕ್ಕೊಂಡಿದ್ದು

ಈಗ ಮೇಷ್ಟ್ರಿಗೆ ತಾವೇ ನೋಡಿ ಮನದಟ್ಟಾಗಿತ್ತು. ತಮ್ಮ ಐಡಿ ಬದಲಾಯಿಸಿ ಮಾರ್ಮನ್ ಹಾಕಿದ್ರು. ಹೊಸ ಐಡಿ ಹಾಕಿದ್ರೆ ಹಳೇದು ತಾನಾಗೇ ಹಿಂದಕ್ಕೆ ಸರಿಯತ್ತೆ, ಅಳಿಸಿಹೋಗಲ್ಲ, ಗೀಟು ಹೊಡೆದ ಹಾಗೆ ಕೆಳಗೆ ಉಳಿಯತ್ತೆ. ಮಾರ್ಮನ್ ಎರಡು, ರೋಸ್ ಒಂದು. ಮತ್ತೆ ಅದೇ ಸರಿಯಾಗಿ ಮೂರನೇ ಎರಡು! ಶಿಷ್ಯನ ಅಗ್ರೀ ಹಾಗೇ ಇತ್ತಲ್ಲ, ಪೇಜ್ ಇನ್ನೂ ಪಾಪಿಲಿಯೊನಿನೇ ಮೇಲೇ ನಿಂತಿತ್ತು. ಮೇಷ್ಟ್ರು ಐಡಿ ಬದಲಾಯಿಸದೇ ರೋಸ್‌ಗೇ ಅಂಟ್ಕೊಂಡಿದ್ರೆ ಇನ್ನೂ ಕಷ್ಟ ಇತ್ತು, ರೋಸ್ ಎರಡರ ಎದುರು ಮಾರ್ಮನ್ ನಾಲ್ಕು ಬಂದ್ರೂ ಆರರಲ್ಲಿ ನಾಲ್ಕು ಅಂತ ಅದೇ ಗೆರೆ ಮೇಲೆ ನಿಲ್ತಿತ್ತು, ಐದು ಜನ ಬೇಕಾಗ್ತಿತ್ತು. ಸಾಮಾನ್ಯ ಚಿಟ್ಟೆಗೆ ಐದು ಜನ ಬರಬಹುದು, ಯಾವುದೋ ಜೇಡಕ್ಕೋ ನೊಣಕ್ಕೋ ಪ್ರಪಂಚದಲ್ಲಿ ಗೊತ್ತಿರೋರೇ ಅಷ್ಟು ಜನ ಇರಲ್ಲ. ಒತ್ತಿ ಮರೆತ ಅಗ್ರೀ ಎಷ್ಟು ದುಬಾರಿ ಅಂತ ಇದರಲ್ಲಿ ಗೊತ್ತಾಗತ್ತೆ.

"ನೀವೂ ಒಂದು ಹಾಕಿಬಿಡಿ, ಮುಗಿದುಹೋಗತ್ತೆ" ಅಂದ್ರು ಮೇಷ್ಟ್ರು. ಹಾಕಬಹುದಿತ್ತು, ಈ ಎರಡನ್ನ ಬೇರೆ ಮಾಡೋಕೆ ನನಗೂ ಬರತ್ತೆ. ಆದ್ರೆ ಮೊದಲಿಂದ ಅವರ ಜೊತೆ ಮಾತಾಡ್ತಾ, ಫೋಟೋ ಸೇರಿಸೋದ್ರಲ್ಲೂ ನಾನೇ ಇದ್ದೆ, ಈಗ ಅವರು ಕರೆದರು ಅಂತ ಹೋಗಿ ಒತ್ತಿದ್ರೆ ಶಿಷ್ಯ ಮಾಡಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ ಉಳಿಯತ್ತೆ ಅನ್ನಿಸ್ತು. ಹೊರಗಿನವರೇ ಯಾರಾದ್ರೂ ನೋಡಲಿ ಅಂದೆ, ಅವರೂ ಒಪ್ಪಿದ್ರು. ಬೇರೆಯವರು ಹೀಗೇ ಮಾಡಬೇಕು ಅಂತ ನಿಯಮ ಏನಿಲ್ಲ, ಗೊತ್ತಿದ್ರೆ ಪರಿಚಯದವರ ಫೋಟೋಗೂ ಐಡಿ ಹಾಕಬಹುದು.

ಶಿಷ್ಯನಿಗೆ ಮೇಷ್ಟ್ರು ಫೋನ್ ಮಾಡಿದ್ರು. "ಸಾರ್, ನೀವು ಹಾಕಿದ್ರಲ್ಲ ಅಂತ ಒತ್ತಿದೆ, ತೆಗೆದುಬಿಡ್ತೀನಿ ಸಾರ್" ಅಂದ ಅವನು. ಮೇಷ್ಟ್ರು ಹೇಳಿದ್ದು ನನಗೆ ಬಹಳ ಇಷ್ಟ ಆಯ್ತು: "ನಾನು ಹೇಳಿದೆ ಅಂತ ತೆಗೀಬೇಡ ಮಾರಾಯ, ಎರಡನೇ ಫೋಟೋ ನೋಡು, ರೋಸ್‌ದೊಂದು ಫೋಟೋ ಪಕ್ಕಕ್ಕಿಟ್ಕೊಂಡು ನೋಡು, ನಿನಗೆ ಏನನ್ಸತ್ತೋ ಅದು ಮಾಡು."

ಅವನು ನೋಡೋಷ್ಟರಲ್ಲಿ ಇನ್ನೊಬ್ರು ಬಂದ್ರು, ಪರಿಚಯ ಇಲ್ಲದವರು. ಮಾರ್ಮನ್ ಹಾಕಿ, ಕಪ್ಪು ಮೈ ಮತ್ತು ಕರಿಬೇವಿನ ಮೊಟ್ಟೆ ಎರಡನ್ನೂ ಹೆಸರಿಸಿ ಒಂದು ಸಾಲು ಬರೆದು ಹೋದ್ರು. ಮೂರು ಮಾರ್ಮನ್, ಒಂದು ರೋಸ್, ನಾಲ್ಕರಲ್ಲಿ ಮೂರು ಅಂದ್ರೆ ಮೂರನೇ ಎರಡಕ್ಕಿಂತ ಹೆಚ್ಚು. ಪೇಜ್ ಮೇಲೆ ಕಾಮನ್ ಮಾರ್ಮನ್, ರಿಸರ್ಚ್ ಗ್ರೇಡ್. ಶಿಷ್ಯ ಆಮೇಲೆ ತನ್ನ ಐಡಿ ಹಿಂತೆಗೆದುಕೊಂಡ, ಹೊಸದು ಹಾಕಲಿಲ್ಲ, ಇನ್ನೂ ನಾಲ್ಕಾರು ನೋಡಿ ಗುರುತು ಹಿಡಿಯೋಕೆ ಬಂದ ಮೇಲೆ ಹಾಕ್ತೀನಿ ಅಂದನಂತೆ. ಜಿಬಿಐಎಫ್‌ಗೂ ಹೊಸ ಹೆಸರೇ ಹೋಗತ್ತೆ, ಐನ್ಯಾಚುರಲಿಸ್ಟ್ ಅಲ್ಲಿಗೆ ಆಗಾಗ ಹೊಸದಾಗಿ ಡೇಟಾ ಕಳಿಸ್ತಾ ಇರತ್ತೆ.

ಈ ಪ್ರಕರಣದಿಂದ ನನಗೆ ಕಂಡಿದ್ದು

ರಿಸರ್ಚ್ ಗ್ರೇಡ್ ಅನ್ನೋದು ಮುಗಿದ ತೀರ್ಪು ಅಲ್ಲ. ಈ ಒಂದೇ ಚಿಟ್ಟೆ ಆ ದರ್ಜೆಗೆ ಎರಡು ಸಲ ಏರಿತು, ಒಂದು ಸಲ ತಪ್ಪು ಹೆಸರಲ್ಲಿ. ಮೊದಲ ಸಲ ಇದ್ದಿದ್ದು ಎರಡು ಐಡಿ ಅಷ್ಟೇ, ಯಾರೂ ಕಾರಣ ಬರೆದಿರ್ಲಿಲ್ಲ. ಎರಡನೇ ಸಲ ಕಾಮೆಂಟ್‌ನಲ್ಲಿ ಯಾವ ಗುರುತು, ಯಾಕೆ ಅಂತ ಎಲ್ಲ ಇತ್ತು. ಬೇರೆಯವರ ದಾಖಲೆ ನಂಬಬಹುದಾ ಅಂತ ನೋಡುವಾಗ ನಾನೀಗ ಹಸಿರು ಬಣ್ಣಕ್ಕಿಂತ ಮೊದಲು ಕೆಳಗಿನ ಐಡಿಗಳನ್ನ ಬಿಚ್ಚಿ ನೋಡ್ತೀನಿ, ಯಾರು ಯಾವ ಕ್ರಮದಲ್ಲಿ ಹಾಕಿದ್ರು, ಯಾರಾದ್ರೂ ಬೇರೆ ಹೆಸರು ಹೇಳಿದ್ರಾ, ಯಾರಾದ್ರೂ ಗುರುತು ಹೇಳಿದ್ರಾ ಅಂತ.

ಫೋಟೋ ತೆಗೆಯೋ ವಿಷಯದಲ್ಲಿ ಒಂದೇ ಬದಲಾವಣೆ ಸಾಕು. ಚೆಂದದ ಒಂದು ಫೋಟೋ ಸಿಕ್ಕಿದ ಮೇಲೆ ನಿಲ್ಲಿಸಬೇಡಿ, ಪಕ್ಕದಿಂದ ಒಂದು, ಸಾಧ್ಯವಾದ್ರೆ ರೆಕ್ಕೆ ಕೆಳಭಾಗದ್ದೊಂದು, ಕೂತಿರೋ ಗಿಡದ್ದೊಂದು ತೆಗೀರಿ. ಮಸುಕಾದದ್ದನ್ನ ಅಳಿಸೋ ಮುಂಚೆ ಅದರಲ್ಲಿ ಬೇರೆ ಫೋಟೋಲಿ ಇಲ್ಲದ ಏನಾದ್ರೂ ಕಾಣತ್ತಾ ಅಂತ ನೋಡಿ. ಹೆಸರು ಗೊತ್ತಿಲ್ದಿದ್ರೆ ಪಟ್ಟಿಯ ಮೊದಲ ಹೆಸರನ್ನೇ ಒತ್ತಬೇಕಂತಿಲ್ಲ, 'ಚಿಟ್ಟೆ' ಅಂತಲೋ ಆ ಉಪಕುಟುಂಬ ಅಂತಲೋ ಹಾಕಿದ್ರೂ ಗೊತ್ತಿರೋರ ಕಣ್ಣಿಗೆ ಬೀಳತ್ತೆ. ಮೇಷ್ಟ್ರು ಹಾಗೆ ಹಾಕಿದ್ದಿದ್ರೆ ಶಿಷ್ಯ ಒತ್ತಿದ್ರೂ ತಪ್ಪು ಜಾತಿ ಖಾತ್ರಿ ಆಗ್ತಿರ್ಲಿಲ್ಲ.

ಕೆಲವು ದಿನದ ಮೇಲೆ ಮೇಷ್ಟ್ರು ಅದೇ ಕರಿಬೇವಿನ ಇನ್ನೊಂದು ಕೊಂಬೆಲಿ ಹಕ್ಕಿ ಹಿಕ್ಕೆ ಥರ ಕಾಣೋ ಪುಟ್ಟ ಕಂಬಳಿಹುಳ ಕಂಡು ಬೇರೆ ಅಬ್ಸರ್ವೇಶನ್ ಹಾಕಿದ್ರು. ಈ ಸಲ ಮಾರ್ಮನ್ ಅಂತ ಬರೀಲಿಲ್ಲ, 'ಪಾಪಿಲಿಯೋ' ಅಂತ ಜೀನಸ್ ಮಟ್ಟದಲ್ಲೇ ನಿಲ್ಲಿಸಿದ್ರು. ಕರಿಬೇವಿಗೆ ಅದೇ ಜೀನಸ್ಸಿನ ಲೈಮ್ ಬಟರ್‌ಫ್ಲೈ ಕೂಡ ಮೊಟ್ಟೆ ಇಡತ್ತೆ, ಅದರ ಎಳೇ ಮರಿಯೂ ಹಿಕ್ಕೆ ಥರಾನೇ ಇರತ್ತೆ, ಈ ಹುಳ ತಾವು ನೋಡಿದ ಮೊಟ್ಟೆಯಿಂದಲೇ ಬಂದಿದ್ದು ಅನ್ನೋಕೆ ಅವರ ಹತ್ರ ಆಧಾರ ಇರ್ಲಿಲ್ಲ. ಇನ್ನೊಬ್ರು ಬಂದು ಅವರೂ ಪಾಪಿಲಿಯೋ ಅಂತಲೇ ಹಾಕಿದ್ರು. ಆ ದಾಖಲೆ ಇವತ್ತಿಗೂ ಜೀನಸ್ ಮಟ್ಟದಲ್ಲೇ ಇದೆ, ಆ ಫೋಟೋದಿಂದ ಹೇಳಬಹುದಾದದ್ದು ಅಷ್ಟೇ.